ಹತ್ತು ವರ್ಷದ ವಾರಂಟಿ ಯಾವುದಕ್ಕೆ? ಫ್ರಿಜ್‌ನ ವಾರಂಟಿ ಕರಾರು, ಅದರ ಹೊರತುಗಳು ಮತ್ತು ಕ್ಲೇಮಿನ ಹಂತಗಳು

ಫ್ರಿಜ್‌ನ ಬಾಗಿಲಿನ ಮೇಲೆ ‘10 ವರ್ಷ ವಾರಂಟಿ’ ಎಂದು ದೊಡ್ಡ ಅಕ್ಷರದ ಸ್ಟಿಕ್ಕರ್ ಇರುತ್ತದೆ. ಅದರ ಮಗ್ಗುಲಲ್ಲೇ ಒಂದು ಸಣ್ಣ ನಕ್ಷತ್ರದ ಗುರುತೂ ಇರುತ್ತದೆ. ಆ ಗುರುತಿನ ವಿವರಣೆಯನ್ನು ಹುಡುಕಬೇಕಾದರೆ ಬಳಕೆದಾರರ ಕೈಪಿಡಿಯ ಕೊನೆಯ ಪುಟಗಳಿಗೆ ಹೋಗಬೇಕು. ಐದನೆಯ ವರ್ಷದಲ್ಲಿ ಫ್ರಿಜ್ ತಣ್ಣಗಾಗದೆ ನಿಂತಾಗ ಮನೆಯವರು ಮತ್ತು ಸರ್ವಿಸ್ ಸೆಂಟರಿನವರ ನಡುವೆ ಬರುವ ಮನಸ್ತಾಪಕ್ಕೆ ಬಹುಪಾಲು ಕಾರಣವಾಗುವುದು ಸ್ಟಿಕ್ಕರಿಗೂ ಆ ಪುಟಕ್ಕೂ ನಡುವಿನ ಅಂತರ. ಆದ್ದರಿಂದ ಇಡೀ ಫ್ರಿಜ್‌ನ ವಾರಂಟಿ ಪುಟವನ್ನು ಈ ಹತ್ತು ವರ್ಷದ ಮಾತಿನ ಸುತ್ತಲೇ ಓದುವುದು ಒಳ್ಳೆಯದು. ಅಲ್ಲಿ ನಿಜವಾಗಿ ಬರೆದಿರುವುದೇನು, ಯಾವುದನ್ನು ಹೊರಗಿಡಲಾಗಿದೆ, ದೋಷ ಬಂದಾಗ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದನ್ನು ಮುಂದೆ ನೋಡೋಣ.

ಒಂದು ಕಾರ್ಡ್, ಎರಡು ಭರವಸೆ

ಭಾರತದಲ್ಲಿ ಮಾರಾಟವಾಗುವ ಮನೆಬಳಕೆಯ ಫ್ರಿಜ್‌ಗಳ ವಾರಂಟಿಯಲ್ಲಿ ಸಾಮಾನ್ಯವಾಗಿ ಎರಡು ಪ್ರತ್ಯೇಕ ಭರವಸೆಗಳಿರುತ್ತವೆ. ಮೊದಲನೆಯದು, ಖರೀದಿಯ ದಿನದಿಂದ ಒಂದು ವರ್ಷ ಇಡೀ ಫ್ರಿಜ್‌ಗೆ ಅನ್ವಯಿಸುವ ಸಮಗ್ರ ವಾರಂಟಿ. ತಯಾರಿಕೆಯ ಅಥವಾ ಬಳಸಿದ ಸಾಮಗ್ರಿಯ ದೋಷದಿಂದ ಯಾವ ಭಾಗ ಕೆಟ್ಟರೂ ಅದನ್ನು ಹಣ ಪಡೆಯದೆ ಸರಿಪಡಿಸುವ ಅಥವಾ ಬದಲಿಸುವ ಹೊಣೆ ಈ ಅವಧಿಯಲ್ಲಿ ಕಂಪನಿಯದು. ತಂತ್ರಜ್ಞನ ಭೇಟಿ, ಕೂಲಿ, ಬಿಡಿಭಾಗ ಮತ್ತು ಗ್ಯಾಸ್ ಎಲ್ಲವೂ ಸಾಮಾನ್ಯವಾಗಿ ಇದರೊಳಗೇ ಬರುತ್ತವೆ. ಎರಡನೆಯದು, ಆ ವರ್ಷ ಮುಗಿದ ಮೇಲೆ ಕಂಪ್ರೆಸರ್ ಎಂಬ ಒಂದೇ ಭಾಗಕ್ಕೆ ಉಳಿಯುವ ವಾರಂಟಿ. ಸ್ಟಿಕ್ಕರಿನ ಹತ್ತು ವರ್ಷ ಎಂದರೆ ಅನೇಕ ಕಾರ್ಡುಗಳಲ್ಲಿ ಇವೆರಡನ್ನೂ ಕೂಡಿಸಿದ ಲೆಕ್ಕ: ಇಡೀ ಯಂತ್ರಕ್ಕೆ ಒಂದು ವರ್ಷ, ಅದರಾಚೆ ಕಂಪ್ರೆಸರಿಗೆ ಮಾತ್ರ ಒಂಬತ್ತು ವರ್ಷ.

ಎರಡನೆಯ ಭರವಸೆ ಎಷ್ಟು ಕಿರಿದು ಎಂಬುದನ್ನು ತಿಳಿಯಲು ಫ್ರಿಜ್ ತಣ್ಣಗಾಗುವ ಬಗೆಯನ್ನು ಸ್ವಲ್ಪ ನೋಡಬೇಕು. ಫ್ರಿಜ್‌ನ ಹಿಂಬದಿಯ ಕೆಳಮೂಲೆಯಲ್ಲಿ ಕೂತಿರುವ ಕಪ್ಪು ಬಣ್ಣದ, ದುಂಡಗಿನ ಉಕ್ಕಿನ ಡಬ್ಬಿಯಂತಹ ಭಾಗವೇ ಕಂಪ್ರೆಸರ್. ಅದು ಗ್ಯಾಸನ್ನು ಒತ್ತಿ ಕಂಡೆನ್ಸರ್ ಕೊಳವೆಗಳಿಗೆ ತಳ್ಳುತ್ತದೆ. ಅಲ್ಲಿ ಗ್ಯಾಸ್ ಶಾಖವನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ. ತೀರಾ ಸಣ್ಣ ರಂಧ್ರವಿರುವ ಕ್ಯಾಪಿಲರಿ ಕೊಳವೆಯ ಮೂಲಕ ಹಾದು, ಒಳಗಿನ ಇವಾಪರೇಟರಿನಲ್ಲಿ ಆವಿಯಾಗುವಾಗ ಅದು ಶಾಖವನ್ನು ಹೀರಿಕೊಳ್ಳುತ್ತದೆ. ನಂತರ ಕಂಪ್ರೆಸರಿಗೆ ಮರಳುತ್ತದೆ. ಈಗಿನ ಹೆಚ್ಚಿನ ಮನೆ ಫ್ರಿಜ್‌ಗಳಲ್ಲಿರುವ ಆರ್600ಎ ಗ್ಯಾಸ್ ಕೆಲವೇ ಹತ್ತು ಗ್ರಾಂಗಳಷ್ಟಿರುತ್ತದೆ. ಬಳಸಿದಂತೆ ಖರ್ಚಾಗಿ ಮುಗಿಯುವ ವಸ್ತು ಅದಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಆದ್ದರಿಂದ ‘ಗ್ಯಾಸ್ ಖಾಲಿಯಾಗಿದೆ’ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಇವಲ್ಲದೆ ಫ್ರಾಸ್ಟ್-ಫ್ರೀ ಫ್ರಿಜ್‌ನಲ್ಲಿ ತಂಪುಗಾಳಿಯನ್ನು ಹರಡುವ ಫ್ಯಾನ್, ಕಟ್ಟಿದ ಹಿಮವನ್ನು ಕರಗಿಸುವ ಹೀಟರ್, ತಾಪಮಾನ ಅಳೆಯುವ ಸೆನ್ಸರ್ ಇರುತ್ತವೆ. ಇನ್ವರ್ಟರ್ ಮಾದರಿಗಳಲ್ಲಿ ಕಂಪ್ರೆಸರಿನ ವೇಗವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡ್, ಅಂದರೆ ಪಿಸಿಬಿ, ಇರುತ್ತದೆ. ಇವುಗಳಲ್ಲಿ ಯಾವುದು ಕೆಟ್ಟರೂ ಮನೆಯವರಿಗೆ ಕಾಣುವ ಲಕ್ಷಣ ಒಂದೇ, ಒಳಗಿನ ಹಾಲು ಹುಳಿಯಾಗುತ್ತದೆ. ಆದರೆ ಒಂದು ವರ್ಷದ ನಂತರ ಇವುಗಳಲ್ಲಿ ಕಂಪ್ರೆಸರ್ ಒಂದನ್ನು ಬಿಟ್ಟರೆ ಮತ್ತೆಲ್ಲವೂ ಗ್ರಾಹಕರ ಖರ್ಚು. ಇನ್ವರ್ಟರ್ ಫ್ರಿಜ್‌ನ ವಿಚಾರದಲ್ಲಿ ಇದು ಹೆಚ್ಚು ನೋಯಿಸುತ್ತದೆ. ಬೋರ್ಡ್ ಸುಟ್ಟರೆ ಕಂಪ್ರೆಸರ್ ಓಡುವುದೇ ಇಲ್ಲ. ಆದರೂ ಕಾರ್ಡಿನಲ್ಲಿ ಪ್ರತ್ಯೇಕವಾಗಿ ಬರೆದಿರದ ಹೊರತು ಬೋರ್ಡನ್ನು ಕಂಪ್ರೆಸರಿನ ಭಾಗ ಎಂದು ಪರಿಗಣಿಸುವುದಿಲ್ಲ. ಫ್ರಿಜ್ ಕೊಳ್ಳುವಾಗ ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದ್ದರೆ, ಹತ್ತು ವರ್ಷದೊಳಗೆ ಬೋರ್ಡ್ ಸೇರಿದೆಯೇ ಎಂಬುದೇ ಅದು ಎಂದು ನಾನು ಹೇಳುತ್ತೇನೆ. ಉತ್ತರವನ್ನು ಕಾರ್ಡಿನಲ್ಲಿ ತೋರಿಸುವಂತೆಯೂ ಕೇಳಬೇಕು.

ಕಂಪ್ರೆಸರೇ ಕೆಟ್ಟಿದೆ ಎಂದಾದಾಗಲೂ ಎಲ್ಲವೂ ಉಚಿತವಲ್ಲ. ಕಂಪ್ರೆಸರ್ ಬದಲಿಸಲು ಕೊಳವೆಗಳನ್ನು ಕತ್ತರಿಸಬೇಕು, ಹೊಸ ಕಂಪ್ರೆಸರನ್ನು ಬೆಸುಗೆ ಹಾಕಬೇಕು, ತೇವಾಂಶ ಹೀರುವ ಫಿಲ್ಟರ್ ಡ್ರೈಯರನ್ನು ಹೊಸದಾಗಿ ಕೂರಿಸಬೇಕು, ಒಳಗಿನ ಗಾಳಿಯನ್ನು ವ್ಯಾಕ್ಯೂಮ್ ಪಂಪಿನಿಂದ ತೆಗೆದು ತೂಕ ನೋಡಿ ಗ್ಯಾಸ್ ತುಂಬಬೇಕು. ವಿಸ್ತರಿತ ಅವಧಿಯಲ್ಲಿ ಕಂಪನಿ ಉಚಿತವಾಗಿ ಕೊಡುವುದು ಕಂಪ್ರೆಸರನ್ನು ಮಾತ್ರ. ಗ್ಯಾಸ್, ಡ್ರೈಯರ್, ಕೂಲಿ, ಭೇಟಿ ಶುಲ್ಕ, ಫ್ರಿಜ್ ಅನ್ನು ವರ್ಕ್‌ಶಾಪಿಗೆ ಒಯ್ಯಬೇಕಾದರೆ ಸಾಗಣೆ, ಇವೆಲ್ಲದರ ಮೇಲಿನ ಜಿಎಸ್‌ಟಿ ಗ್ರಾಹಕರ ಪಾಲಿಗೆ ಬರುತ್ತವೆ ಎಂದು ಬಹುತೇಕ ಕಾರ್ಡುಗಳು ಸ್ಪಷ್ಟವಾಗಿಯೇ ಹೇಳುತ್ತವೆ. ಇದು ಮೋಸವಲ್ಲ, ಕರಾರಿನ ಭಾಗ. ಆದರೆ ಇದನ್ನು ಸ್ಟಿಕ್ಕರಿನಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ದಿನಾಂಕದ ಬಗ್ಗೆ ಇನ್ನೊಂದು ಮಾತು. ಅವಧಿಯನ್ನು ಸಾಮಾನ್ಯವಾಗಿ ಬಿಲ್ಲಿನ ದಿನಾಂಕದಿಂದ ಎಣಿಸಲಾಗುತ್ತದೆ. ಮಧ್ಯದಲ್ಲಿ ಯಾವುದೇ ಭಾಗವನ್ನು ಉಚಿತವಾಗಿ ಬದಲಿಸಿದರೆ ಆ ಹೊಸ ಭಾಗಕ್ಕೆ ಹೊಸ ಅವಧಿ ಶುರುವಾಗುವುದಿಲ್ಲ, ಮೂಲ ವಾರಂಟಿಯಲ್ಲಿ ಉಳಿದಿರುವ ಅವಧಿಯಷ್ಟೇ ಅದಕ್ಕೂ ಸಿಗುತ್ತದೆ. ಬಿಚ್ಚಿ ತೆಗೆದ ಹಳೆಯ ಭಾಗ ಕಂಪನಿಯ ಸ್ವತ್ತಾಗುತ್ತದೆ. ಹಣ ಕೊಟ್ಟು ಹಾಕಿಸಿದ ಭಾಗದ ವಿಷಯ ಬೇರೆ. ಅದಕ್ಕೆ ಸರ್ವಿಸ್ ಸೆಂಟರ್ ಎಷ್ಟು ದಿನದ ಭರವಸೆ ಕೊಡುತ್ತದೆ ಎಂಬುದನ್ನು ಆ ಕೆಲಸದ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.

ಹೊರಗಿಟ್ಟಿರುವ ಸಂದರ್ಭಗಳು

ಹೊರತುಗಳ ಪಟ್ಟಿ ಉದ್ದವಾಗಿದ್ದರೂ ಅದರ ಹಿಂದಿರುವ ತತ್ವ ಸರಳವಾಗಿದೆ. ದೋಷ ಕಾರ್ಖಾನೆಯಲ್ಲಿ ಹುಟ್ಟಿದ್ದರೆ ಹೊಣೆ ಕಂಪನಿಯದು. ಮನೆಗೆ ಬಂದ ಮೇಲೆ ಹೊರಗಿನ ಕಾರಣದಿಂದ ಹುಟ್ಟಿದ್ದರೆ ಅಲ್ಲ. ಗಾಜಿನ ತಟ್ಟೆ, ಪ್ಲಾಸ್ಟಿಕ್ ಟ್ರೇ, ಬಲ್ಬ್, ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಮುಂತಾದವು ಒಡೆಯುವ, ಸವೆಯುವ ವಸ್ತುಗಳು ಎಂದು ಅನೇಕ ಕಂಪನಿಗಳು ಮೊದಲ ವರ್ಷದಲ್ಲೇ ಹೊರಗಿಡುತ್ತವೆ. ಬಣ್ಣ ಮಾಸುವುದು, ಗೀರು, ತುಕ್ಕು ಸಹ ಹಾಗೆಯೇ. ಕರಾವಳಿಯ ಉಪ್ಪುಗಾಳಿಯಲ್ಲಿ ತುಕ್ಕು ಬೇಗ ಹಿಡಿಯುವುದರಿಂದ ಮಂಗಳೂರು, ಉಡುಪಿ, ಕಾರವಾರದ ಕಡೆಯವರು ತುಕ್ಕಿನ ಷರತ್ತನ್ನು ಗಮನವಿಟ್ಟು ಓದಬೇಕು. ಫ್ರಿಜ್ ಕೆಟ್ಟು ಒಳಗಿದ್ದ ಆಹಾರವೋ ಔಷಧಿಯೋ ಹಾಳಾದ ನಷ್ಟವನ್ನು ವಾರಂಟಿ ತುಂಬುವುದಿಲ್ಲ ಎಂಬ ಷರತ್ತೂ ಇರುತ್ತದೆ. ಇನ್ಸುಲಿನ್ ಇಟ್ಟುಕೊಳ್ಳುವ ಮನೆಗಳು ಇದನ್ನು ತಿಳಿದಿರಬೇಕು. ಇಲಿ ಕಡಿದ ವೈರ್, ಬೆಂಕಿ, ನೆರೆ, ಸಾಗಿಸುವಾಗಿನ ಪೆಟ್ಟು, ಅಳಿಸಿದ ಸೀರಿಯಲ್ ನಂಬರ್ ಇವು ಬಹುತೇಕ ಕಾರ್ಡುಗಳಲ್ಲಿ ಇರುವ ಮಾತುಗಳು.

ಜಗಳ ನಿಜವಾಗಿ ಏಳುವುದು ಮೂರು ಹೊರತುಗಳ ಬಗ್ಗೆ. ಮೊದಲನೆಯದು ವೋಲ್ಟೇಜ್. ‘ಸ್ಟೆಬಿಲೈಸರ್ ಬೇಕಿಲ್ಲ’ ಎಂದು ಮಾರಾಟ ಮಾಡಿದ ಫ್ರಿಜ್‌ನ ಕಾರ್ಡಿನಲ್ಲೂ ವೋಲ್ಟೇಜ್ ಏರಿಳಿತದ ಹಾನಿಯನ್ನು ಹೊರಗಿಟ್ಟಿರುವುದನ್ನು ಕಂಡು ಗ್ರಾಹಕರಿಗೆ ಸಿಟ್ಟು ಬರುವುದು ಸಹಜ. ಆ ಮಾತಿನ ಅರ್ಥವೆಂದರೆ, ಕೈಪಿಡಿಯಲ್ಲಿ ಮುದ್ರಿಸಿರುವ ಕನಿಷ್ಠ ಮತ್ತು ಗರಿಷ್ಠ ವೋಲ್ಟೇಜ್‌ಗಳ ನಡುವೆ ಫ್ರಿಜ್ ಸ್ಟೆಬಿಲೈಸರ್ ಇಲ್ಲದೆ ನಡೆಯುತ್ತದೆ ಎಂದು. ಆ ಮಿತಿಯೊಳಗಿನ ಏರಿಳಿತಕ್ಕೆ ಬೋರ್ಡ್ ಕೆಟ್ಟರೆ ಕಂಪನಿ ವೋಲ್ಟೇಜ್ ನೆಪ ಹೇಳುವುದು ನ್ಯಾಯವಲ್ಲ. ಆದರೆ ಕಂಬದ ಮೇಲಿನ ನ್ಯೂಟ್ರಲ್ ತಂತಿ ತುಂಡಾದರೆ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರದವರೆಗೂ ಬರಬಹುದು. ಆ ಹಾನಿ ಮಿತಿಯಾಚೆಯದು. ಎರಡರ ನಡುವಿನ ವ್ಯತ್ಯಾಸಕ್ಕೆ ಗುರುತುಗಳಿವೆ. ಬೋರ್ಡಿನ ಪ್ರವೇಶದಲ್ಲಿ ಹೆಚ್ಚಿನ ವೋಲ್ಟೇಜನ್ನು ತಡೆಯಲೆಂದೇ ಇಟ್ಟಿರುವ ವ್ಯಾರಿಸ್ಟರ್ ಎಂಬ ಚಪ್ಪಟೆ ಬಿಲ್ಲೆ ಸಿಡಿದು ಕಪ್ಪಾಗಿದ್ದರೆ, ಅದೇ ಹೊತ್ತಿನಲ್ಲಿ ಮನೆಯ ಟಿವಿ, ಬಲ್ಬ್ ಅಥವಾ ನೆರೆಮನೆಯ ಉಪಕರಣಗಳೂ ಸುಟ್ಟಿದ್ದರೆ, ಕಾರಣ ಬಹುಮಟ್ಟಿಗೆ ಹೊರಗಿನದೇ. ಆಗ ವಾರಂಟಿಗಾಗಿ ಹಟ ಹಿಡಿಯುವ ಬದಲು ವಿದ್ಯುತ್ ಕಂಪನಿಯ 1912 ಸಂಖ್ಯೆಗೆ ಅಂದೇ ದೂರು ಕೊಟ್ಟು ದೂರಿನ ಸಂಖ್ಯೆ ಇಟ್ಟುಕೊಳ್ಳುವುದು ಲೇಸು. ವ್ಯಾರಿಸ್ಟರ್ ಮತ್ತು ಫ್ಯೂಸ್ ಹಾಗೇ ಇದ್ದು ಬೋರ್ಡಿನ ಬೇರೆಲ್ಲೋ ದೋಷ ಕಂಡಿದ್ದರೆ, ವೋಲ್ಟೇಜ್‌ನಿಂದಲೇ ಕೆಟ್ಟಿದೆ ಎನ್ನಲು ಆಧಾರವೇನು ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ತಂತ್ರಜ್ಞ ಬೋರ್ಡನ್ನು ಬಿಚ್ಚಿ ಒಯ್ಯುವ ಮೊದಲು ಅದರ ಎರಡೂ ಮುಖಗಳ ಫೋಟೋ ತೆಗೆದಿಟ್ಟುಕೊಳ್ಳುವುದು ಈ ಕಾರಣಕ್ಕೇ ಅಗತ್ಯ.

ಎರಡನೆಯದು ಅನಧಿಕೃತ ರಿಪೇರಿ. ನಮ್ಮ ಊರುಗಳಲ್ಲಿ ನುರಿತ ಸ್ಥಳೀಯ ಮೆಕ್ಯಾನಿಕ್‌ಗಳಿಗೇನೂ ಕೊರತೆಯಿಲ್ಲ. ಕಂಪ್ರೆಸರಿನ ವಾರಂಟಿ ಮುಗಿದ ಫ್ರಿಜ್‌ಗೆ ಅವರನ್ನು ಕರೆಯುವುದು ತಪ್ಪೂ ಅಲ್ಲ. ಆದರೆ ವಾರಂಟಿ ಇನ್ನೂ ಇರುವಾಗ ಅವರು ಗ್ಯಾಸ್ ಕೊಳವೆಯನ್ನು ಒಮ್ಮೆ ತೆರೆದರೆ ಸಾಕು, ಕಂಪ್ರೆಸರಿನಿಂದ ಹೊರಟಿರುವ, ಗ್ಯಾಸ್ ತುಂಬುವ ಚಾರ್ಜಿಂಗ್ ಕೊಳವೆಯ ತುದಿಯಲ್ಲಿ ಹೊಸ ಬೆಸುಗೆಯ ಅಥವಾ ಚುಚ್ಚಿದ ವಾಲ್ವಿನ ಗುರುತು ಉಳಿಯುತ್ತದೆ. ಕಂಪನಿಯ ತಂತ್ರಜ್ಞ ಮೊದಲು ನೋಡುವುದೇ ಅದನ್ನು. ಕಂಡರೆ, ಉಳಿದ ಐದೋ ಆರೋ ವರ್ಷದ ಕಂಪ್ರೆಸರ್ ವಾರಂಟಿ ಅಲ್ಲಿಗೆ ಮುಗಿಯುತ್ತದೆ. ಅಂದರೆ ಗ್ಯಾಸ್ ಸೋರಿಕೆಯ ರಿಪೇರಿಗೆ ವಾರಂಟಿಯಲ್ಲಿ ಏನೂ ಸಿಗದಿದ್ದರೂ ಕಂಪ್ರೆಸರಿನ ಹಕ್ಕನ್ನು ಉಳಿಸಿಕೊಳ್ಳುವ ಸಲುವಾಗಿಯೇ ಆ ಕೆಲಸವನ್ನು ಅಧಿಕೃತ ಸೆಂಟರಿನಲ್ಲಿ ಮಾಡಿಸಬೇಕಾಗುತ್ತದೆ. ಎಷ್ಟೋ ಮನೆಗಳು ಎರಡು ಸಾವಿರ ಉಳಿಸಲು ಹೋಗಿ ಕಂಪ್ರೆಸರನ್ನೇ ಕಳೆದುಕೊಳ್ಳುವುದು ಇಲ್ಲಿಯೇ.

ಮೂರನೆಯದು ವಾಣಿಜ್ಯ ಬಳಕೆ. ಮನೆಬಳಕೆಯ ಫ್ರಿಜ್ ಅನ್ನು ಬೇಕರಿಯಲ್ಲೋ ಔಷಧಿ ಅಂಗಡಿಯಲ್ಲೋ ಪಿಜಿಯಲ್ಲೋ ಇಟ್ಟರೆ ವಾರಂಟಿ ಅನ್ವಯಿಸುವುದಿಲ್ಲ ಅಥವಾ ಅದರ ಅವಧಿ ಕಡಿಮೆಯಾಗುತ್ತದೆ. ತೆರಿಗೆ ಲಾಭಕ್ಕಾಗಿ ಅಂಗಡಿಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಹಾಕಿಸಿ ಬಿಲ್ ಮಾಡಿಸಿದವರ ಫ್ರಿಜ್ ಮನೆಯಲ್ಲೇ ಇದ್ದರೂ ಅವರು ಈ ಪ್ರಶ್ನೆ ಎದುರಿಸಬೇಕಾಗುತ್ತದೆ. ಇಲ್ಲಿ ಕರಾರಿಗೂ ಕಾನೂನಿಗೂ ಒಂದು ವ್ಯತ್ಯಾಸವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಪರಿಗಣಿಸದಿದ್ದರೂ, ಸ್ವಯಂ ಉದ್ಯೋಗದ ಮೂಲಕ ಜೀವನ ಸಾಗಿಸಲೆಂದೇ ಕೊಂಡು ಸ್ವತಃ ಬಳಸುವವರಿಗೆ ವಿನಾಯಿತಿ ಕೊಟ್ಟಿದೆ. ಆದ್ದರಿಂದ ಸಣ್ಣ ಜ್ಯೂಸ್ ಅಂಗಡಿ ನಡೆಸುವವರು ಕಾರ್ಡಿನ ಪ್ರಕಾರ ವಾರಂಟಿಯಿಂದ ಹೊರಗಿದ್ದರೂ, ಗ್ರಾಹಕ ಆಯೋಗದ ಮುಂದೆ ದೂರು ತರಲು ಅರ್ಹರಾಗಬಹುದು.

ಕ್ಲೇಮ್ ಮಾಡುವ ಕ್ರಮ

ಕ್ಲೇಮಿನ ಮೊದಲ ಕೆಲಸ ಫ್ರಿಜ್ ಮನೆಗೆ ಬಂದ ದಿನವೇ ಮುಗಿದಿರಬೇಕು. ಥರ್ಮಲ್ ಕಾಗದದ ಬಿಲ್ ಒಂದೆರಡು ವರ್ಷದಲ್ಲಿ ಮಾಸಿ ಬಿಳಿಯಾಗುತ್ತದೆ. ಅದರ ಝೆರಾಕ್ಸ್ ಮತ್ತು ಫೋಟೋ ಎರಡನ್ನೂ ಇಟ್ಟುಕೊಳ್ಳಬೇಕು. ಫ್ರಿಜ್‌ನ ಒಳಗೋಡೆಯ ಮೇಲೆ ಅಥವಾ ಹಿಂಬದಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಮಾದರಿಯ ಹೆಸರು, ಸೀರಿಯಲ್ ನಂಬರ್, ಗ್ಯಾಸಿನ ಹೆಸರು ಮತ್ತು ತೂಕ ಇರುತ್ತವೆ. ಅದರ ಫೋಟೋ ಕೂಡ ಬೇಕು. ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಕೇಳುವ ಕಂಪನಿಗಳಿದ್ದರೆ ಅದನ್ನು ಅಂದೇ ಹಾಕಿಸಬೇಕು.

ದೋಷ ಕಂಡಾಗ ಸಹಾಯವಾಣಿಯ ಸಂಖ್ಯೆಯನ್ನು ಕಾರ್ಡಿನಿಂದ ಅಥವಾ ಕಂಪನಿಯ ಸ್ವಂತ ಜಾಲತಾಣದಿಂದಲೇ ತೆಗೆದುಕೊಳ್ಳಬೇಕು. ಗೂಗಲ್‌ನಲ್ಲಿ ಹುಡುಕಿದಾಗ ಮೊದಲಿಗೆ ಕಾಣುವ ಸಂಖ್ಯೆಗಳಲ್ಲಿ ಕಂಪನಿಯ ಹೆಸರಿಟ್ಟುಕೊಂಡ ಖಾಸಗಿಯವರು ಇರುತ್ತಾರೆ. ಅವರು ಬಂದು ಕೊಳವೆ ತೆರೆದರೆ ಅದು ಅನಧಿಕೃತ ರಿಪೇರಿಯೇ ಆಗುತ್ತದೆ. ಕರೆಯಲ್ಲಿ ಕಾರಣವನ್ನು ಊಹಿಸಿ ಹೇಳದೆ ಲಕ್ಷಣವನ್ನು ಮಾತ್ರ ಹೇಳುವುದು ಉತ್ತಮ. ಒಳಗಿನ ದೀಪ ಉರಿಯುತ್ತಿದೆಯೇ, ಹಿಂದಿನ ಯಂತ್ರ ಸತತವಾಗಿ ಓಡುತ್ತಿದೆಯೇ ಅಥವಾ ಕೆಲವು ನಿಮಿಷಕ್ಕೊಮ್ಮೆ ‘ಟಕ್’ ಎಂದು ನಿಲ್ಲುತ್ತಿದೆಯೇ, ಫ್ರೀಜರ್ ತಣ್ಣಗಿದ್ದು ಕೆಳಗೆ ಮಾತ್ರ ಬಿಸಿಯೇ ಎಂಬುದನ್ನು ನೋಡಿ ಹೇಳಿದರೆ ತಂತ್ರಜ್ಞನಿಗೂ ಅನುಕೂಲ. ಫ್ರೀಜರ್ ತಣ್ಣಗಿದ್ದು ಕೆಳಗೆ ತಣ್ಣಗಾಗದಿದ್ದರೆ ದೋಷ ಹೆಚ್ಚಾಗಿ ಫ್ಯಾನಿನಲ್ಲೋ ಹಿಮ ಕರಗಿಸುವ ವ್ಯವಸ್ಥೆಯಲ್ಲೋ ಇರುತ್ತದೆ, ಕಂಪ್ರೆಸರಿನಲ್ಲಿ ಅಲ್ಲ. ಕರೆ ಮುಗಿದ ಮೇಲೆ ಎಸ್‌ಎಂಎಸ್‌ನಲ್ಲಿ ಬರುವ ದೂರಿನ ಸಂಖ್ಯೆಯೇ ಮುಂದಿನ ಎಲ್ಲ ವ್ಯವಹಾರಕ್ಕೆ ಆಧಾರ. ಬರದಿದ್ದರೆ ಮತ್ತೆ ಕರೆ ಮಾಡಿ ಕೇಳಿ ಪಡೆಯಬೇಕು.

ತಂತ್ರಜ್ಞನ ಭೇಟಿಯ ದಿನ ಮನೆಯವರ ಕೈಗೆ ಬರಬೇಕಾದದ್ದು ಜಾಬ್ ಶೀಟ್. ಅದರಲ್ಲಿ ಗ್ರಾಹಕರು ಹೇಳಿದ ಲಕ್ಷಣ, ತಂತ್ರಜ್ಞ ಅಳೆದು ಕಂಡ ಅಂಶ, ದೋಷವಿರುವ ಭಾಗ, ಅದು ವಾರಂಟಿಯೊಳಗೋ ಹೊರಗೋ ಎಂಬ ನಿರ್ಣಯ, ಖರ್ಚಿನ ಅಂದಾಜು ಇವಿಷ್ಟೂ ಇರಬೇಕು. ವಾರಂಟಿಯಿಂದ ಹೊರಗೆ ಎಂದರೆ ಕಾರ್ಡಿನ ಯಾವ ಷರತ್ತಿನ ಪ್ರಕಾರ ಎಂಬುದನ್ನೂ ಬರೆಸಬೇಕು. ಬಾಯಿಮಾತಿನ ನಿರಾಕರಣೆಯನ್ನು ನಂತರ ಪ್ರಶ್ನಿಸುವುದು ಕಷ್ಟ, ಬರಹದಲ್ಲಿರುವುದನ್ನು ಸುಲಭವಾಗಿ ಪ್ರಶ್ನಿಸಬಹುದು. ಈಗ ಹಲವು ಕಂಪನಿಗಳು ಕಾಗದದ ಬದಲು ಮೊಬೈಲಿನಲ್ಲೇ ಜಾಬ್ ಶೀಟ್ ಕಳುಹಿಸುತ್ತವೆ. ಕೆಲಸ ಮುಗಿದಿದೆ ಎಂಬುದಕ್ಕೆ ಗ್ರಾಹಕರ ಒಟಿಪಿ ಕೇಳುತ್ತವೆ. ಆ ಒಟಿಪಿ ಕೊಟ್ಟ ಕ್ಷಣವೇ ಕಂಪನಿಯ ದಾಖಲೆಯಲ್ಲಿ ದೂರು ಮುಚ್ಚಿಹೋಗುತ್ತದೆ. ಬಿಡಿಭಾಗ ಬರಬೇಕಿದೆ, ನಾಳೆ ಬಂದು ಹಾಕುತ್ತೇನೆ ಎನ್ನುವಾಗ ಒಟಿಪಿ ಕೊಡಬಾರದು. ರಿಪೇರಿಯಾದ ದಿನವೂ ಫ್ರಿಜ್ ನಿಜವಾಗಿ ತಣ್ಣಗಾಗುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಕೊಡಬೇಕು. ತಂತ್ರಜ್ಞರ ಮೇಲೆ ದಿನಕ್ಕಿಷ್ಟು ದೂರು ಮುಚ್ಚಬೇಕೆಂಬ ಒತ್ತಡ ಇರುತ್ತದೆ ಎಂಬುದು ನಿಜ; ಆ ಒತ್ತಡದ ಬೆಲೆಯನ್ನು ಗ್ರಾಹಕರು ತೆರಬೇಕಾಗಿಲ್ಲ.

ಒಂದು ಪ್ರಕರಣವನ್ನು ಲೆಕ್ಕ ಹಾಕಿ ನೋಡಿದರೆ

ಗದಗದ ಒಂದು ಮನೆಯವರು 2019ರ ಆಗಸ್ಟ್ 18ರಂದು 27,500 ರೂಪಾಯಿಗೆ ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಫ್ರಿಜ್ ಕೊಂಡರು ಎಂದು ಭಾವಿಸೋಣ. ಪ್ರಕರಣ ಕಲ್ಪಿತ, ದರಗಳು ಲೆಕ್ಕ ತಿಳಿಯುವುದಕ್ಕಾಗಿ ಇಟ್ಟುಕೊಂಡವು. ಸಮಗ್ರ ವಾರಂಟಿ 2020ರ ಆಗಸ್ಟ್ 17ಕ್ಕೆ ಮುಗಿದಿದೆ, ಕಂಪ್ರೆಸರಿನ ವಾರಂಟಿ 2029ರ ಆಗಸ್ಟ್ 17ರವರೆಗೆ ಇದೆ. 2024ರ ಮೇ 6ರಂದು ಫ್ರೀಜರಿನ ಮಂಜುಗಡ್ಡೆಯೆಲ್ಲ ಕರಗಿತು. ದೀಪ ಉರಿಯುತ್ತಿದೆ, ಹಿಂದಿನ ಯಂತ್ರ ನಿಲ್ಲದೆ ಓಡುತ್ತಿದೆ, ಆದರೆ ತಂಪಿಲ್ಲ.

ಅಧಿಕೃತ ಸೆಂಟರಿನಿಂದ ಬಂದ ತಂತ್ರಜ್ಞ ಹಿಂದೆ ಮುಟ್ಟಿ ನೋಡಿ, ಗ್ಯಾಸ್ ಲೀಕ್ ಎಂದು ಹೇಳಿದರು. ಭೇಟಿ ಶುಲ್ಕ 450, ಡ್ರೈಯರ್ ಸಹಿತ ಗ್ಯಾಸ್ ಚಾರ್ಜಿಂಗ್ 2,400, ಕೂಲಿ 950, ಒಟ್ಟು 3,800 ರೂಪಾಯಿ. ಅದರ ಮೇಲೆ ಶೇ 18ರ ಜಿಎಸ್‌ಟಿ 684 ಸೇರಿ 4,484. ಸೋರಿಕೆ ವಾರಂಟಿಯಲ್ಲಿ ಬರುವುದಿಲ್ಲ ಎಂಬುದು ಕಾರ್ಡಿನ ಪ್ರಕಾರ ಸರಿಯೇ ಆದ್ದರಿಂದ ಮನೆಯವರು ಹಣ ಕೊಟ್ಟರು. ಹನ್ನೊಂದನೆಯ ದಿನಕ್ಕೆ ಫ್ರಿಜ್ ಮತ್ತೆ ಬಿಸಿಯಾಯಿತು. ಎರಡನೆಯ ಭೇಟಿಗೆ ಬಂದ ಬೇರೆ ತಂತ್ರಜ್ಞ ಒತ್ತಡ ಅಳೆಯುವ ಗೇಜ್ ಜೋಡಿಸಿ ನೋಡಿ, ಗ್ಯಾಸ್ ಒಳಗೇ ಇದೆ, ಕಂಪ್ರೆಸರ್ ಒತ್ತುತ್ತಿಲ್ಲ ಎಂದರು. ಕಂಪ್ರೆಸರ್ ಉಚಿತ, ಆದರೆ ಗ್ಯಾಸ್ ಮತ್ತು ಕೂಲಿಗೆ ಮತ್ತೆ 4,484 ಕೊಡಬೇಕು ಎಂದು ಅಂದಾಜು ಬರೆದರು.

ಎರಡನೆಯ ಬಿಲ್ಲನ್ನು ಈ ಮನೆಯವರು ಕೊಡಬೇಕೇ? ಉತ್ತರ ಮೊದಲ ಜಾಬ್ ಶೀಟಿನಲ್ಲಿದೆ. ಗ್ಯಾಸ್ ಸೋರಿದ ಫ್ರಿಜ್ ಮತ್ತು ಕಂಪ್ರೆಸರ್ ದುರ್ಬಲವಾದ ಫ್ರಿಜ್ ಎರಡೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ. ಎರಡರಲ್ಲೂ ಯಂತ್ರ ಓಡುತ್ತದೆ, ಕಂಡೆನ್ಸರ್ ಕೊಳವೆ ಬಿಸಿಯಾಗುವುದಿಲ್ಲ. ಅವುಗಳನ್ನು ಬೇರೆ ಮಾಡಿ ತೋರಿಸುವುದು ಗೇಜ್. ಗ್ಯಾಸ್ ಸೋರಿದ್ದರೆ, ಓಡುತ್ತಿರುವಾಗ ಕಂಪ್ರೆಸರಿನ ಹೀರುವ ಬದಿಯ ಒತ್ತಡ ಆಳವಾದ ನಿರ್ವಾತಕ್ಕೆ ಇಳಿಯುತ್ತದೆ, ಏಕೆಂದರೆ ಹೀರಲು ಗ್ಯಾಸೇ ಇಲ್ಲ. ಕಂಪ್ರೆಸರ್ ಒಳಗಿನ ವಾಲ್ವ್ ಕೆಟ್ಟು ಒತ್ತಲಾಗದಿದ್ದರೆ, ಅದೇ ಬದಿಯ ಒತ್ತಡ ಇಳಿಯಬೇಕಾದಷ್ಟು ಇಳಿಯದೆ ಮೇಲೆಯೇ ನಿಲ್ಲುತ್ತದೆ. ಇದಲ್ಲದೆ, ಸೋರಿಕೆ ಎಂದು ಹೇಳಿದವರು ಸೋರಿದ ಜಾಗವನ್ನು ಹುಡುಕಿ ಬೆಸುಗೆ ಹಾಕಬೇಕು. ರಂಧ್ರವನ್ನು ಮುಚ್ಚದೆ ಗ್ಯಾಸ್ ತುಂಬಿದರೆ ಅದು ಮತ್ತೆ ಹೋಗಿಯೇ ಹೋಗುತ್ತದೆ.

ಈ ಮನೆಯ ಮೊದಲ ಜಾಬ್ ಶೀಟಿನಲ್ಲಿ ಗೇಜ್‌ನ ಓದೂ ಇರಲಿಲ್ಲ, ಸೋರಿಕೆಯ ಜಾಗವೂ ಇರಲಿಲ್ಲ. ‘ಗ್ಯಾಸ್ ಚಾರ್ಜ್ ಮಾಡಲಾಗಿದೆ’ ಎಂದಷ್ಟೇ ಇತ್ತು. ಹಾಗಾದರೆ ಮೊದಲ 4,484 ರೂಪಾಯಿ ಇಲ್ಲದ ದೋಷಕ್ಕೆ ಮಾಡಿದ ಖರ್ಚು. ಕಂಪ್ರೆಸರ್ ಬದಲಿಸುವಾಗಿನ ಗ್ಯಾಸ್ ಮತ್ತು ಕೂಲಿಯನ್ನು ಗ್ರಾಹಕರು ಒಂದು ಸಲ ಕೊಡಬೇಕೆಂಬುದು ಕರಾರಿನ ಮಾತು ಸರಿ, ಆದರೆ ಆ ಹಣವನ್ನು ಅವರು ಈಗಾಗಲೇ ಕೊಟ್ಟಿದ್ದಾರೆ. ಮನೆಯವರು ಮಾಡಬೇಕಾದದ್ದು, ಎರಡೂ ಜಾಬ್ ಶೀಟ್, ಮೊದಲ ಬಿಲ್ ಮತ್ತು ಖರೀದಿ ಬಿಲ್ಲನ್ನು ಲಗತ್ತಿಸಿ ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೆ ಒಂದು ಇಮೇಲ್ ಬರೆಯುವುದು. ಅದರಲ್ಲಿ ಸಿಟ್ಟಿನ ಮಾತು ಬೇಕಿಲ್ಲ. ಮೇ 6ರ ದೂರಿನ ಸಂಖ್ಯೆ, ಮೊದಲ ನಿರ್ಣಯ, ಹನ್ನೊಂದು ದಿನದ ನಂತರದ ಎರಡನೆಯ ನಿರ್ಣಯ, ಎರಡಕ್ಕೂ ನಡುವಿನ ವಿರೋಧ, ಮತ್ತು ಒಂದೇ ಬೇಡಿಕೆ: ಹೊಸದಾಗಿ ಹಣ ಪಡೆಯದೆ ಕಂಪ್ರೆಸರ್ ಬದಲಿಸಿ ಗ್ಯಾಸ್ ತುಂಬಿಕೊಡಬೇಕು. ಉತ್ತರಕ್ಕೆ ಹತ್ತೋ ಹದಿನೈದೋ ದಿನದ ಗಡುವನ್ನೂ ಬರೆಯಬೇಕು. ಹೊಸ ಕಂಪ್ರೆಸರ್ ಹಾಕಿದ ಮೇಲೆ ಅದರ ಸೀರಿಯಲ್ ನಂಬರ್ ಜಾಬ್ ಶೀಟಿಗೆ ಬಂದಿದೆಯೇ ಎಂದೂ ನೋಡಿಕೊಳ್ಳಬೇಕು. ಅದರ ವಾರಂಟಿ ನಿಲ್ಲುವುದು ಅದೇ 2029ರ ಆಗಸ್ಟ್ 17ಕ್ಕೆ.

ಕಂಪನಿ ಒಪ್ಪದಿದ್ದರೆ

ಗಡುವು ಮುಗಿದೂ ಉತ್ತರ ಬಾರದಿದ್ದರೆ ಮುಂದಿನ ಮೆಟ್ಟಿಲು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಸಹಾಯವಾಣಿ ದೂರನ್ನು ಕಂಪನಿಗೆ ಕಳುಹಿಸಿ ಉತ್ತರ ಕೇಳುತ್ತದೆ. ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಆದರೂ ಇಂತಹ ಸಣ್ಣ ಮೊತ್ತದ ತಕರಾರಿಗೆ ಮೊದಲು ಬಳಸಬೇಕಾದ ದಾರಿ ಇದೇ, ಏಕೆಂದರೆ ಇಲ್ಲಿ ಖರ್ಚಿಲ್ಲ ಮತ್ತು ಬರಹದ ದಾಖಲೆ ಉಳಿಯುತ್ತದೆ.

ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗವಿದೆ. ‘ಎಲ್ಲ ವ್ಯಾಜ್ಯಗಳು ಇಂತಹ ನಗರದ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ’ ಎಂದು ಕೆಲವು ವಾರಂಟಿ ಪುಟಗಳಲ್ಲಿ ಮುದ್ರಿಸಿರುವುದನ್ನು ನೋಡಿ ಅನೇಕರು ಹಿಂಜರಿಯುತ್ತಾರೆ. ಆದರೆ 2019ರ ಕಾಯ್ದೆಯ 34ನೆಯ ಸೆಕ್ಷನ್ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ದೂರಿನಲ್ಲಿ ತಯಾರಕ ಕಂಪನಿ, ಸರ್ವಿಸ್ ಸೆಂಟರ್ ಮತ್ತು ಮಾರಿದ ಅಂಗಡಿ ಮೂವರನ್ನೂ ಎದುರುದಾರರನ್ನಾಗಿ ಮಾಡುವುದು ಒಳ್ಳೆಯದು. ಇಲ್ಲದಿದ್ದರೆ ಹೊಣೆಯನ್ನು ಹೊರಗಿರುವವರ ಮೇಲೆ ಹಾಕಿ ಜಾರಿಕೊಳ್ಳಲು ಅವಕಾಶವಾಗುತ್ತದೆ.

ತಾಂತ್ರಿಕ ದೋಷದ ಬಗ್ಗೆ ವಾದವಿರುವಾಗ ಸ್ವತಂತ್ರ ತಂತ್ರಜ್ಞರ ಲಿಖಿತ ಅಭಿಪ್ರಾಯ ದೂರಿಗೆ ಬಲ ಕೊಡುತ್ತದೆ. ಅವರು ಗ್ಯಾಸ್ ಕೊಳವೆಯನ್ನು ತೆರೆಯದೆ, ವಿದ್ಯುತ್ ಪ್ರವಾಹ ಮತ್ತು ಉಷ್ಣತೆಯನ್ನು ಮಾತ್ರ ಅಳೆದು ಬರೆಯಬೇಕು, ತೆರೆದರೆ ಅದನ್ನೇ ಅನಧಿಕೃತ ರಿಪೇರಿ ಎಂದು ಎದುರು ಪಕ್ಷ ಹೇಳಬಹುದು. ದೋಷ ಸರಿಪಡಿಸಲು, ವಸ್ತುವನ್ನು ಬದಲಿಸಲು, ಹಣ ಮರಳಿಸಲು ಮತ್ತು ಪರಿಹಾರ ಕೊಡಲು ಆದೇಶಿಸುವ ಅಧಿಕಾರ ಆಯೋಗಕ್ಕಿದೆ. ಆದರೆ 69ನೆಯ ಸೆಕ್ಷನ್ ಪ್ರಕಾರ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ತಡವಾದರೆ ತಡವಾದದ್ದಕ್ಕೆ ಒಪ್ಪತಕ್ಕ ಕಾರಣ ಕೊಡಬೇಕು. ಗದಗದ ಮನೆಯವರು ಮೊದಲ ತಪ್ಪು ರಿಪೇರಿಯ ದಿನದಿಂದಲೇ ಎಣಿಸಿ 2026ರ ಮೇ ತಿಂಗಳ ಮೊದಲ ವಾರದೊಳಗೆ ದೂರನ್ನು ಸಲ್ಲಿಸುವುದು ಕ್ಷೇಮ.